ಇಂಟರ್‌ವ್ಯೂನಲ್ಲಿ LEFT JOIN ಬಗ್ಗೆ ತಪ್ಪು ಹೇಳಿದೆ. ತಿದ್ದಿ ಮೇಲ್ ಹಾಕಬಹುದಾ?

ಡೇಟಾ_ಹೊಸಬ · ಬುಧವಾರ ಸಂಜೆ 6:10

ಎಲ್ಲರಿಗೂ ನಮಸ್ಕಾರ. ಇವತ್ತು ಬೆಳಗ್ಗೆ 11ಕ್ಕೆ ಡೇಟಾ ಅನಲಿಸ್ಟ್ ಕೆಲಸಕ್ಕೆ ಎರಡನೇ ಸುತ್ತಿನ ಇಂಟರ್‌ವ್ಯೂ ಇತ್ತು. ವಿಡಿಯೋ ಕಾಲ್, ಒಂದು ಗಂಟೆ. ಬಹುತೇಕ ಚೆನ್ನಾಗೇ ಹೋಯಿತು. ಒಂದು ಪ್ರಶ್ನೆಯಲ್ಲಿ ಎಡವಿದೆ, ಅದೇ ತಲೆಯಲ್ಲಿ ಕೂತಿದೆ.

ಪ್ರಶ್ನೆ ಹೀಗಿತ್ತು: ಗ್ರಾಹಕರ ಟೇಬಲ್ ಒಂದು, ಆರ್ಡರ್ ಟೇಬಲ್ ಒಂದು. ಪ್ರತಿ ಗ್ರಾಹಕರೂ ಕಳೆದ 30 ದಿನದಲ್ಲಿ ಎಷ್ಟು ಆರ್ಡರ್ ಮಾಡಿದ್ದಾರೆ ಎಂದು ತೋರಿಸಬೇಕು. ಒಂದೂ ಮಾಡದವರ ಮುಂದೆ ಸೊನ್ನೆ ಬರಬೇಕು. ನಾನು ಬರೆದದ್ದು ಇದು:

```sql
SELECT c.id, COUNT(*)
FROM customers c
LEFT JOIN orders o ON o.customer_id = c.id
WHERE o.order_date >= '2025-06-01'
GROUP BY c.id;
```

ಅವರು ಒಂದು ಕ್ಷಣ ನೋಡಿ, "ಆರ್ಡರ್ ಮಾಡದ ಗ್ರಾಹಕರು ಇದರಲ್ಲಿ ಬರುತ್ತಾರಾ?" ಎಂದು ಕೇಳಿದರು. ನಾನು ತಡಮಾಡದೆ "ಬರುತ್ತಾರೆ, LEFT JOIN ಇದೆಯಲ್ಲ" ಎಂದೆ. ಅವರು "ಸರಿ" ಎಂದು ಮುಂದಿನ ಪ್ರಶ್ನೆಗೆ ಹೋದರು. ಕಾಲ್ ಮುಗಿದು ಅರ್ಧ ಗಂಟೆಯಾದ ಮೇಲೆ ಹೊಳೆಯಿತು, ಆರ್ಡರ್ ಮಾಡದವರು ಬರುವುದೇ ಇಲ್ಲ.

ಈಗ ಒಂದು ಮೇಲ್ ಬರೆದಿದ್ದೇನೆ. ಕಳಿಸುವುದು ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡ ಮಾಡಿ ಹಾಕುತ್ತಿದ್ದೇನೆ:

"ಮಾನ್ಯರೇ, ಇವತ್ತು ನಿಮ್ಮ ಅಮೂಲ್ಯ ಸಮಯ ಕೊಟ್ಟಿದ್ದಕ್ಕೆ ತುಂಬಾ ಧನ್ಯವಾದಗಳು. ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಆಗಿರಲಿಲ್ಲ, ಟೆನ್ಶನ್ ಕೂಡ ಇತ್ತು. ಹಾಗಾಗಿ LEFT JOIN ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟೆ. ದಯವಿಟ್ಟು ಕ್ಷಮಿಸಿ. ನಿಜಕ್ಕೂ ನನಗೆ ಈ ವಿಷಯ ಚೆನ್ನಾಗಿ ಗೊತ್ತು, ದಿನಾ ಇದೇ ಕೆಲಸ ಮಾಡುತ್ತೇನೆ. ದಿನಾಂಕದ ಷರತ್ತನ್ನು WHERE ನಿಂದ ತೆಗೆದು ON ಗೆ ಹಾಕಬೇಕಿತ್ತು, ಉಳಿದದ್ದೆಲ್ಲ ಹಾಗೇ ಇರಬಹುದು. ಇದರಿಂದ ನನ್ನ ಬಗ್ಗೆ ಕೆಟ್ಟ ಅಭಿಪ್ರಾಯ ಬರಬಾರದು ಎಂದು ಕೇಳಿಕೊಳ್ಳುತ್ತೇನೆ. ಇನ್ನೊಂದು ಅವಕಾಶ ಕೊಟ್ಟರೆ..."

ಇನ್ನೂ ಎರಡು ಪ್ಯಾರಾ ಇದೆ. ಕಳಿಸಲಾ? ಸುಮ್ನೆ ಇರಲಾ?

---

ಸಂಜೆಬಸ್ · ಸಂಜೆ 6:25

ಇಂಟರ್‌ವ್ಯೂ ಆದ ಮೇಲೆ ಥ್ಯಾಂಕ್ಸ್ ಮೇಲ್ ಹಾಕುವುದು ಒಳ್ಳೆಯದೇ ಅಲ್ವಾ. ನಾನು ಯಾವಾಗಲೂ ಹಾಕುತ್ತೇನೆ. ಎರಡು ಸಾಲು ಸಾಕು. ಅದಕ್ಕೆ ಉತ್ತರ ಬರದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.

---

ಡೇಟಾ_ಹೊಸಬ · ಸಂಜೆ 6:28

ಥ್ಯಾಂಕ್ಸ್ ಮೇಲ್ ಬಗ್ಗೆ ಅಲ್ಲ ಅಣ್ಣ. ತಪ್ಪು ಹೇಳಿದ್ದನ್ನು ತಿದ್ದಬೇಕಾ ಅನ್ನುವುದು ನನ್ನ ಪ್ರಶ್ನೆ.

---

ನೇರಮಾತು · ಸಂಜೆ 6:41

ಕಳಿಸಬೇಡಿ. ನನ್ನ ಅಭಿಪ್ರಾಯ ಇಷ್ಟೇ. ಅವರು "ಸರಿ" ಎಂದು ಮುಂದೆ ಹೋದರು. ಗಮನಿಸಿಲ್ಲದೆಯೂ ಇರಬಹುದು. ನೀವೇ ಹೋಗಿ "ನಾನು ತಪ್ಪು ಹೇಳಿದೆ" ಎಂದರೆ ಇಲ್ಲದ ಗಾಯವನ್ನು ನೀವೇ ತೋರಿಸಿದ ಹಾಗೆ. ಅದೂ ಅಲ್ಲದೆ ಪರೀಕ್ಷೆ ಮುಗಿದ ಮೇಲೆ ಪುಸ್ತಕ ನೋಡಿ ಉತ್ತರ ಬರೆದರೆ ಯಾರು ಅಂಕ ಕೊಡುತ್ತಾರೆ?

---

ಪ್ಯಾನೆಲ್_ಕಡೆಯವಳು · ಸಂಜೆ 7:15

ನಾನು ಇಂತಹ ಇಂಟರ್‌ವ್ಯೂಗಳನ್ನು ಆ ಕಡೆ ಕೂತು ಮಾಡುತ್ತೇನೆ. ಈ ಪ್ರಶ್ನೆಯನ್ನೇ ಬೇರೆ ಬೇರೆ ರೂಪದಲ್ಲಿ ಕೇಳಿದ್ದೇನೆ. ಅದಕ್ಕೇ ಹೇಳುತ್ತೇನೆ, ಅವರು ಗಮನಿಸಿದ್ದಾರೆ. "ಆರ್ಡರ್ ಮಾಡದ ಗ್ರಾಹಕರು ಬರುತ್ತಾರಾ?" ಎನ್ನುವುದು ಸುಮ್ಮನೆ ಬಾಯಿಗೆ ಬರುವ ಪ್ರಶ್ನೆಯಲ್ಲ. ತಪ್ಪು ಕಂಡ ಮೇಲೆ, ಅಭ್ಯರ್ಥಿಗೆ ತಿದ್ದಿಕೊಳ್ಳಲು ಒಂದು ಬಾಗಿಲು ತೆರೆದಿಡುವ ಪ್ರಶ್ನೆ ಅದು. ಆ ಬಾಗಿಲಲ್ಲಿ ನೀವು ಒಳಗೆ ಹೋಗಲಿಲ್ಲ. ಅವರ ನೋಟ್ಸ್‌ನಲ್ಲಿ ಬಹುಶಃ ಎರಡು ವಿಷಯ ಇದೆ: ಕ್ವೆರಿ ತಪ್ಪು, ಸುಳಿವು ಕೊಟ್ಟರೂ ಹಿಡಿಯಲಿಲ್ಲ.

ಹಾಗಾಗಿ ಇಲ್ಲದ ಗಾಯ ತೋರಿಸುವ ಮಾತೇ ಇಲ್ಲ. ಗಾಯ ಅವರ ಮುಂದೆಯೇ ಇದೆ. ಮೇಲ್ ಕಳಿಸಿ.

ಆದರೆ ಈ ಮೇಲ್ ಅಲ್ಲ. ನಿಮ್ಮ ಡ್ರಾಫ್ಟ್‌ನಲ್ಲಿ ನಿದ್ದೆ, ಟೆನ್ಶನ್, ಕ್ಷಮೆ, ಅಭಿಪ್ರಾಯ ಎಲ್ಲ ಇದೆ. ತಿದ್ದುಪಡಿ ಒಂದೇ ವಾಕ್ಯ, ಅದೂ ಮಧ್ಯದಲ್ಲಿ ಹೂತುಹೋಗಿದೆ. "ನಿಜಕ್ಕೂ ನನಗೆ ಚೆನ್ನಾಗಿ ಗೊತ್ತು" ಎಂಬ ಸಾಲನ್ನು ಮೊದಲು ತೆಗೆಯಿರಿ. ಓದುವವರಿಗೆ ಅದನ್ನು ನಂಬಲು ಕಾರಣವೇ ಇಲ್ಲ. ಗೊತ್ತಿದೆ ಎಂದು ಹೇಳಬೇಡಿ, ಸರಿಯಾದ ಉತ್ತರ ಬರೆಯಿರಿ. ಗೊತ್ತಿರುವುದು ಅದರಲ್ಲೇ ಕಾಣುತ್ತದೆ.

ಇನ್ನೊಂದು ಮಾತು. ಕಳಿಸುವ ಮುಂಚೆ ನಿಮ್ಮ ಹೊಸ ಕ್ವೆರಿಯನ್ನು ನಿಜವಾಗಿ ಓಡಿಸಿ ನೋಡಿದ್ದೀರಾ?

---

ಡೇಟಾ_ಹೊಸಬ · ಸಂಜೆ 7:22

ಓಡಿಸಿಲ್ಲ ಮೇಡಂ. ಷರತ್ತನ್ನು ON ಗೆ ಹಾಕಿದರೆ ಸರಿಯಾಗುತ್ತೆ ಅಂತ ಗೊತ್ತು. ಹೀಗೆ:

```sql
SELECT c.id, COUNT(*)
FROM customers c
LEFT JOIN orders o
  ON o.customer_id = c.id
 AND o.order_date >= '2025-06-01'
GROUP BY c.id;
```

---

ಕ್ವೆರಿ_ಕಾಕ · ಸಂಜೆ 7:40

ಅಷ್ಟೆಲ್ಲ ಬದಲಾಯಿಸಬೇಕಿಲ್ಲ. ಆರ್ಡರ್ ಇಲ್ಲದವರ ಸಾಲಿನಲ್ಲಿ o.order_date ಜಾಗದಲ್ಲಿ NULL ಬರುತ್ತೆ. NULL ಅನ್ನು ದಿನಾಂಕದ ಜೊತೆ ಹೋಲಿಸಿದರೆ ಹೌದು ಅಂತಲೂ ಬರಲ್ಲ, ಇಲ್ಲ ಅಂತಲೂ ಬರಲ್ಲ. WHERE ಹೌದು ಅಂತ ಬಂದ ಸಾಲನ್ನು ಮಾತ್ರ ಇಟ್ಟುಕೊಳ್ಳುತ್ತೆ. ಅದಕ್ಕೇ ಅವರು ಬಿದ್ದುಹೋಗುತ್ತಾರೆ. ಹಾಗಾಗಿ WHERE ಸಾಲಿಗೇ ಇಷ್ಟು ಸೇರಿಸಿ ಸಾಕು:

```sql
WHERE o.order_date >= '2025-06-01'
   OR o.order_date IS NULL
```

ಒಂದು ಸಾಲಿನ ತಿದ್ದುಪಡಿ. ಮೇಲ್‌ನಲ್ಲಿ ಬರೆಯಲೂ ಸುಲಭ. ಮೂಲ ಉತ್ತರ ಪೂರ್ತಿ ತಪ್ಪಲ್ಲ, ಒಂದು ಸಾಲು ಬಿಟ್ಟುಹೋಗಿತ್ತು ಅಂತ ಹೇಳಬಹುದು.

---

ಪ್ಯಾನೆಲ್_ಕಡೆಯವಳು · ಸಂಜೆ 8:05

ಕಾಕ, ಕಾರಣ ನೀವು ಹೇಳಿದ್ದು ಸರಿ. ತಿದ್ದುಪಡಿ ಅರ್ಧ ಮಾತ್ರ ಸರಿ. ಹೊಸಬರೇ, ನಿಮ್ಮದೂ ಅರ್ಧ ಸರಿ. ಇಬ್ಬರಿಗೂ ಸೇರಿಸಿಯೇ ಹೇಳುತ್ತೇನೆ, ಯಾಕೆಂದರೆ ಈ ಮೇಲ್ ಉಳಿಯುವುದೂ ಮುಳುಗುವುದೂ ಇಲ್ಲೇ.

ಮೂರೇ ಮೂರು ಗ್ರಾಹಕರ ಟೇಬಲ್ ಮಾಡಿ. 1ನೇ ಗ್ರಾಹಕ ಈ ತಿಂಗಳಲ್ಲಿ ಎರಡು ಆರ್ಡರ್ ಮಾಡಿದ್ದಾನೆ. 2ನೇ ಗ್ರಾಹಕ ಆರು ತಿಂಗಳ ಹಿಂದೆ ಒಂದು ಮಾಡಿದ್ದ, ಆಮೇಲೆ ಇಲ್ಲ. 3ನೇ ಗ್ರಾಹಕ ಯಾವತ್ತೂ ಮಾಡಿಲ್ಲ. ಬರಬೇಕಾದ ಉತ್ತರ 2, 0, 0.

ಇಂಟರ್‌ವ್ಯೂನಲ್ಲಿ ಬರೆದ ಕ್ವೆರಿ 1ನೇ ಗ್ರಾಹಕನನ್ನು ಮಾತ್ರ ತೋರಿಸುತ್ತದೆ. ಉಳಿದಿಬ್ಬರೂ ಮಾಯ.

ಕಾಕ ಅವರ ತಿದ್ದುಪಡಿಯಲ್ಲಿ 3ನೇಯವನು ವಾಪಸ್ ಬರುತ್ತಾನೆ. 2ನೇಯವನು ಬರುವುದಿಲ್ಲ. ಅವನಿಗೆ ಆರ್ಡರ್ ಇದೆ, ಹಾಗಾಗಿ ದಿನಾಂಕ NULL ಅಲ್ಲ. ಆದರೆ ಆ ದಿನಾಂಕ ಹಳೆಯದು. ಎರಡು ಷರತ್ತಿನಲ್ಲೂ ಅವನಿಗೆ ಜಾಗವಿಲ್ಲ. ನಿಜವಾದ ಡೇಟಾದಲ್ಲಿ ಇಂತಹ ಗ್ರಾಹಕರೇ ಜಾಸ್ತಿ ಇರುತ್ತಾರೆ, ಹಿಂದೆ ಕೊಂಡು ಈಗ ನಿಲ್ಲಿಸಿದವರು.

ಹೊಸಬರೇ, ನಿಮ್ಮ ಹೊಸ ಕ್ವೆರಿಯಲ್ಲಿ ಮೂವರೂ ಬರುತ್ತಾರೆ. ಆದರೆ ಎಣಿಕೆ 2, 1, 1 ಎಂದು ಬರುತ್ತದೆ. COUNT(*) ಸಾಲುಗಳನ್ನು ಎಣಿಸುತ್ತದೆ. ಆರ್ಡರ್ ಇಲ್ಲದವರಿಗೂ LEFT JOIN ಒಂದು ಸಾಲು ಉಳಿಸಿಕೊಡುತ್ತದಲ್ಲ, ಆ ಖಾಲಿ ಸಾಲೂ ಒಂದಾಗಿ ಎಣಿಕೆಗೆ ಸೇರುತ್ತದೆ. COUNT(o.id) ಬರೆದರೆ NULL ಇರುವ ಕಡೆ ಎಣಿಸುವುದಿಲ್ಲ, ಆಗ 2, 0, 0.

ನೀವು ಈ ಮೇಲ್ ಅನ್ನು 6 ಗಂಟೆಗೇ ಕಳಿಸಿದ್ದರೆ "ಉಳಿದದ್ದೆಲ್ಲ ಹಾಗೇ ಇರಬಹುದು" ಎಂಬ ಸಾಲಿನ ಜೊತೆ ಎರಡನೇ ತಪ್ಪೂ ಹೋಗಿರುತ್ತಿತ್ತು. ಇಂಟರ್‌ವ್ಯೂನಲ್ಲಿ ಆದ ತಪ್ಪಿಗೆ ಗಡಿಬಿಡಿ ಇತ್ತು ಎಂದುಕೊಳ್ಳುತ್ತಾರೆ. ಮನೆಯಲ್ಲಿ ಕೂತು, ಎಷ್ಟು ಬೇಕೋ ಅಷ್ಟು ಹೊತ್ತು ಇಟ್ಟುಕೊಂಡು ಬರೆದ ತಿದ್ದುಪಡಿಯಲ್ಲೇ ತಪ್ಪಿದ್ದರೆ ಅದಕ್ಕೆ ಯಾವ ಸಮಜಾಯಿಷಿಯೂ ಇರುವುದಿಲ್ಲ. ನಾನೇ ಇಂತಹ ಎರಡು ಮೇಲ್ ಓದಿದ್ದೇನೆ. ಎರಡರಲ್ಲೂ ಮೇಲ್ ಬರದಿದ್ದರೆ ಅವರಿಗೆ ಒಳ್ಳೆಯದಿತ್ತು.

---

ಕ್ವೆರಿ_ಕಾಕ · ರಾತ್ರಿ 8:19

ಓಡಿಸಿ ನೋಡಿದೆ. ನೀವು ಹೇಳಿದ್ದು ಸರಿ ಮೇಡಂ, 2ನೇಯವನು ಬರಲ್ಲ. ಇಷ್ಟು ವರ್ಷ ಈ OR IS NULL ಅನ್ನೇ ಬಳಸಿಕೊಂಡು ಬಂದಿದ್ದೇನೆ. ನಾಳೆ ಆಫೀಸಿನಲ್ಲಿ ಎರಡು ರಿಪೋರ್ಟ್ ತೆಗೆದು ನೋಡಬೇಕು.

---

ಡೇಟಾ_ಹೊಸಬ · ರಾತ್ರಿ 8:30

ಮೂರು ಸಾಲಿನ ಟೇಬಲ್ ಮಾಡಿ ಓಡಿಸಿದೆ. COUNT(*) ಇಟ್ಟಾಗ 2, 1, 1. COUNT(o.id) ಮಾಡಿದಾಗ 2, 0, 0. ಮೇಡಂ, ತುಂಬಾ ಉಪಕಾರ ಆಯ್ತು.

ಎರಡು ಅನುಮಾನ. ಒಂದು, ಇಂಟರ್‌ವ್ಯೂ ಮಾಡಿದವರ ಮೇಲ್ ವಿಳಾಸ ನನ್ನ ಹತ್ತಿರ ಇಲ್ಲ. ಎಚ್ಆರ್ ಕಳಿಸಿದ ಮೇಲ್ ಮಾತ್ರ ಇದೆ. ಇಂಟರ್‌ವ್ಯೂ ಮಾಡಿದವರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಮೆಸೇಜ್ ಹಾಕಲಾ? ಎರಡು, ಇವತ್ತೇ ಕಳಿಸಬೇಕಾ, ಇಲ್ಲಾ ಒಂದೆರಡು ದಿನ ಬಿಟ್ಟು ತಣ್ಣಗೆ ಬರೆಯಲಾ?

---

ಪ್ಯಾನೆಲ್_ಕಡೆಯವಳು · ರಾತ್ರಿ 8:52

ಎಚ್ಆರ್ ಕಳಿಸಿದ ಆ ಮೇಲ್‌ಗೇ ರಿಪ್ಲೈ ಮಾಡಿ. ಹೊಸ ಮೇಲ್ ಶುರು ಮಾಡಬೇಡಿ. ಅವರ ಹತ್ತಿರ ದಿನಕ್ಕೆ ಹತ್ತಾರು ಅಭ್ಯರ್ಥಿಗಳ ಮೇಲ್ ಬರುತ್ತವೆ. ಅದೇ ಮೇಲ್‌ನ ಕೆಳಗೆ ಇದ್ದರೆ ನೀವು ಯಾರು, ಯಾವ ಕೆಲಸ, ಯಾವ ದಿನದ ಇಂಟರ್‌ವ್ಯೂ ಎಂದು ಅವರು ಹುಡುಕಬೇಕಿಲ್ಲ. "ಇಂಟರ್‌ವ್ಯೂ ಮಾಡಿದವರಿಗೆ ತಲುಪಿಸಿ" ಎಂದು ಒಂದು ಮಾತು ಸೇರಿಸಿ. ಅವರು ಫಾರ್ವರ್ಡ್ ಬಟನ್ ಒತ್ತಿದರೆ ಮುಗಿಯಿತು. ಅದಕ್ಕೇ ಮೇಲ್ ಫಾರ್ವರ್ಡ್ ಮಾಡುವ ಹಾಗೇ ಇರಬೇಕು. ನಡುವೆ ಸಂಬಳದ ಪ್ರಶ್ನೆ, ಫಲಿತಾಂಶ ಯಾವಾಗ ಎಂಬ ಪ್ರಶ್ನೆ ಸೇರಿಸಿದರೆ ಅವರು ಅದಕ್ಕೆ ಉತ್ತರ ಕೊಟ್ಟು ಉಳಿದದ್ದನ್ನು ಮರೆಯುತ್ತಾರೆ.

ಲಿಂಕ್ಡ್‌ಇನ್ ಬೇಡ. ಅವರು ತಮ್ಮ ವಿಳಾಸ ಕೊಡಲಿಲ್ಲ ಎಂದರೆ ಆ ದಾರಿಯಲ್ಲಿ ಬನ್ನಿ ಎಂದು ಕರೆದಿಲ್ಲ.

ಯಾವಾಗ ಎಂದರೆ ಇವತ್ತು ರಾತ್ರಿ, ಇಲ್ಲದಿದ್ದರೆ ನಾಳೆ ಬೆಳಗ್ಗೆ. ನಾನು ಫೀಡ್‌ಬ್ಯಾಕ್ ಫಾರ್ಮ್ ಅನ್ನು ಅದೇ ದಿನ ತುಂಬುತ್ತೇನೆ, ಮರೆತುಹೋಗಬಾರದು ಅಂತ. ಆಮೇಲೆ ಎಲ್ಲರೂ ಕೂತು ಮಾತಾಡುತ್ತೇವೆ. ಆ ಮಾತುಕತೆಗೆ ಮುಂಚೆ ಮೇಲ್ ಬಂದರೆ ಅದೂ ಮೇಜಿನ ಮೇಲಿರುತ್ತದೆ. ಆಮೇಲೆ ಬಂದರೆ ಯಾರೂ ಮತ್ತೆ ಫೈಲ್ ತೆಗೆಯುವುದಿಲ್ಲ.

---

ನೇರಮಾತು · ರಾತ್ರಿ 9:03

ಮೇಡಂ, ಒಂದು ನೇರ ಪ್ರಶ್ನೆ. ಇಂತಹ ಮೇಲ್ ಬಂದಾಗ ನೀವು ಅಂಕ ಬದಲಾಯಿಸುತ್ತೀರಾ? ಹೌದು, ಇಲ್ಲ ಹೇಳಿ.

---

ಪ್ಯಾನೆಲ್_ಕಡೆಯವಳು · ರಾತ್ರಿ 9:20

ಇಲ್ಲ. ಆ ಪ್ರಶ್ನೆಯ ಅಂಕ ಹಾಗೇ ಇರುತ್ತದೆ. ಅದೇ ಪ್ರಶ್ನೆಯನ್ನು ಆ ಹತ್ತು ನಿಮಿಷದಲ್ಲೇ ಸರಿಯಾಗಿ ಬಿಡಿಸಿದವರಿಗೆ ಅನ್ಯಾಯ ಆಗಬಾರದು. ನಾನು ಮಾಡುವುದು ಇಷ್ಟೇ, ಫಾರ್ಮ್ ಕೆಳಗೆ ಒಂದು ಸಾಲು ಸೇರಿಸುತ್ತೇನೆ: "ಅಭ್ಯರ್ಥಿ ಅದೇ ದಿನ ತಾನಾಗಿಯೇ ತಪ್ಪು ಕಂಡು ತಿದ್ದಿ ಕಳಿಸಿದ್ದಾರೆ, ತಿದ್ದುಪಡಿ ಸರಿ ಇದೆ."

ಆ ಸಾಲು ಯಾವಾಗ ಕೆಲಸಕ್ಕೆ ಬರುತ್ತದೆ ಎಂದರೆ, ಉಳಿದದ್ದೆಲ್ಲ ಚೆನ್ನಾಗಿದ್ದು ಇದೊಂದೇ ಅನುಮಾನ ಉಳಿದಾಗ. ಈ ಕೆಲಸದಲ್ಲಿ ತಪ್ಪು ಎಲ್ಲರೂ ಮಾಡುತ್ತಾರೆ. ತಪ್ಪು ಸಂಖ್ಯೆ ಇರುವ ರಿಪೋರ್ಟ್ ಕಳಿಸಿಬಿಟ್ಟ ಮೇಲೆ ಈ ಮನುಷ್ಯ ಬಾಯಿ ಮುಚ್ಚಿಕೊಂಡು ಕೂರುತ್ತಾನಾ, ಬಂದು ಹೇಳುತ್ತಾನಾ ಎನ್ನುವುದು ನನಗೆ ಮುಖ್ಯ. ಇಡೀ ಇಂಟರ್‌ವ್ಯೂ ಸೋತಿದ್ದರೆ ಮೇಲ್‌ನಿಂದ ಏನೂ ಆಗುವುದಿಲ್ಲ. ಕೆಲವು ಕಡೆ ಅಭ್ಯರ್ಥಿಗಳ ಮೇಲ್ ಪ್ಯಾನೆಲ್‌ಗೆ ತಲುಪುವುದೇ ಇಲ್ಲ, ಎಚ್ಆರ್ ಹತ್ತಿರವೇ ನಿಲ್ಲುತ್ತದೆ. ಅದೂ ಇದೆ.

---

ನೇರಮಾತು · ರಾತ್ರಿ 9:31

ಅಂಕ ಬದಲಾಗದಿದ್ದರೆ, ತಲುಪುತ್ತದೆ ಎಂಬ ಗ್ಯಾರಂಟಿಯೂ ಇಲ್ಲದಿದ್ದರೆ, ಅಪಾಯ ಯಾಕೆ ತೆಗೆದುಕೊಳ್ಳಬೇಕು? ನಿಮ್ಮಂತಹವರು ಓದಿದರೆ ಸರಿ. "ಗೂಗಲ್ ಮಾಡಿ ಕಳಿಸಿದ್ದಾನೆ" ಎಂದುಕೊಳ್ಳುವವರೂ ಇರುತ್ತಾರೆ. ನಾನು ಹಿಂದೆ ಕೆಲಸ ಮಾಡಿದ ಕಡೆ ಒಬ್ಬ ಮ್ಯಾನೇಜರ್ ಹಾಗೇ ಹೇಳಿ ಪಕ್ಕಕ್ಕಿಟ್ಟಿದ್ದನ್ನು ಕಣ್ಣಾರೆ ನೋಡಿದ್ದೇನೆ.

---

ಮಳೆಬಿಲ್ಲು · ರಾತ್ರಿ 9:48

ನನ್ನದೂ ಒಂದಿದೆ, ಇಲ್ಲೇ ಕೇಳಬಹುದಾ? ನನ್ನದು ಟೆಕ್ನಿಕಲ್ ಪ್ರಶ್ನೆ ಅಲ್ಲ. ಸೋಮವಾರ ಎಚ್ಆರ್ ಜೊತೆ ಕಾಲ್ ಇತ್ತು. ನೋಟಿಸ್ ಅವಧಿ ಎಷ್ಟು ಎಂದು ಕೇಳಿದರು, 30 ದಿನ ಎಂದೆ. ಆಮೇಲೆ ಆಫರ್ ಲೆಟರ್ ತೆಗೆದು ನೋಡಿದರೆ ಪ್ರೊಬೇಷನ್ ಮುಗಿದ ಮೇಲೆ 60 ದಿನ ಎಂದಿದೆ. ನನ್ನ ಪ್ರೊಬೇಷನ್ ಮುಗಿದು ವರ್ಷವಾಯಿತು. ಆಮೇಲೆ ಇನ್ನೊಂದು, "ಆರು ಜನರ ಟೀಮ್ ಲೀಡ್ ಮಾಡಿದೆ" ಎಂದು ಹೇಳಿದ್ದೆ. ನಿಜವಾಗಿ ಲೀಡ್ ರಜೆಯಲ್ಲಿದ್ದಾಗ ಎರಡು ತಿಂಗಳು ನೋಡಿಕೊಂಡಿದ್ದು. ಇದನ್ನೂ ತಿದ್ದಬೇಕಾ? ಅವರು ಯಾರೂ ಕೇಳಿಲ್ಲ.

---

ಪ್ಯಾನೆಲ್_ಕಡೆಯವಳು · ರಾತ್ರಿ 10:10

ಎರಡನ್ನೂ ತಿದ್ದಬೇಕು ಕಣಮ್ಮ, ಮತ್ತು ನಿಮ್ಮದು ಹೊಸಬರ ವಿಷಯಕ್ಕಿಂತ ಅರ್ಜೆಂಟ್. ಅವರು ತಪ್ಪಿದ್ದು ಒಂದು ಉತ್ತರದಲ್ಲಿ. ನೀವು ಹೇಳಿದ್ದು ನಿಮ್ಮ ಬಗ್ಗೆಯೇ ಇರುವ ಮಾಹಿತಿ, ಅದರ ಮೇಲೆ ಕಂಪನಿಯವರು ಲೆಕ್ಕ ಹಾಕುತ್ತಾರೆ. ಸೇರುವ ದಿನ 30 ದಿನದ ಲೆಕ್ಕದಲ್ಲಿ ನಿಗದಿಯಾಗುತ್ತದೆ. ಹಿಂದಿನ ಕೆಲಸದ ವಿಚಾರಣೆ ಮಾಡುವಾಗ "ಲೀಡ್ ಆಗಿದ್ದರಾ?" ಎಂದು ಕೇಳಿ, ಆ ಕಡೆಯಿಂದ "ಇಲ್ಲ" ಎಂದು ಬಂದರೆ ಆಗ ನಿಮ್ಮ ವಿವರಣೆ ಕೇಳುವವರು ಇರುವುದಿಲ್ಲ.

ನೋಟಿಸ್ ಬಗ್ಗೆ ಎರಡು ವಾಕ್ಯ ಸಾಕು: "ಸೋಮವಾರ ನೋಟಿಸ್ ಅವಧಿ 30 ದಿನ ಎಂದು ಹೇಳಿದ್ದೆ. ಲೆಟರ್ ನೋಡಿದೆ, ಅದು 60 ದಿನ." ಮುಂಚೆ ಬಿಡುವ ಅವಕಾಶ ನಿಮ್ಮಲ್ಲಿ ನಿಜವಾಗಿಯೂ ಇದ್ದರೆ ಮಾತ್ರ ಅದನ್ನು ಸೇರಿಸಿ. ಟೀಮ್ ಬಗ್ಗೆ: "ಆರು ಜನರ ಟೀಮ್ ಅನ್ನು ನಮ್ಮ ಲೀಡ್ ರಜೆಯಲ್ಲಿದ್ದ ಎರಡು ತಿಂಗಳು ನಾನು ನೋಡಿಕೊಂಡೆ. ಅದು ಖಾಯಂ ಜವಾಬ್ದಾರಿ ಆಗಿರಲಿಲ್ಲ." ಎರಡೂ ಒಂದೇ ಮೇಲ್‌ನಲ್ಲಿ ಹೋಗಲಿ. ಯಾಕೆ ಹಾಗೆ ಹೇಳಿದೆ ಎಂದು ವಿವರಿಸಲು ಹೋಗಬೇಡಿ, ಅಲ್ಲಿಂದಲೇ ಮಾತು ಎಳೆದಾಡಲು ಶುರುವಾಗುತ್ತದೆ.

---

ಕ್ವೆರಿ_ಕಾಕ · ರಾತ್ರಿ 10:22

ಉತ್ತರ ತಪ್ಪಲ್ಲ, ಆದರೆ ಸಪ್ಪೆಯಾಗಿತ್ತು ಅಂದರೆ? ನನಗೆ ಹಿಂದೊಮ್ಮೆ "ನೀವು ಮಾಡಿದ ಒಂದು ಸುಧಾರಣೆ ಹೇಳಿ" ಎಂದು ಕೇಳಿದ್ದರು. ಕ್ವೆರಿ ಹೇಗೆ ಬದಲಾಯಿಸಿದೆ ಅಂತ ಐದು ನಿಮಿಷ ಹೇಳಿದೆ. ಅದರಿಂದ ಏನಾಯಿತು ಅಂತ ಹೇಳಲೇ ಇಲ್ಲ. 40 ನಿಮಿಷ ಓಡುತ್ತಿದ್ದ ರಿಪೋರ್ಟ್ 6 ನಿಮಿಷಕ್ಕೆ ಬಂದಿತ್ತು. ಮನೆಗೆ ಬಂದ ಮೇಲೆ ನೆನಪಾಯಿತು. ಅದಕ್ಕೂ ಮೇಲ್ ಹಾಕಬಹುದಿತ್ತಾ?

---

ಪ್ಯಾನೆಲ್_ಕಡೆಯವಳು · ರಾತ್ರಿ 10:35

ಅದಕ್ಕೆ ಹಾಕಬಹುದಿತ್ತು, ಥ್ಯಾಂಕ್ಸ್ ಮೇಲ್ ಒಳಗೇ ಒಂದು ವಾಕ್ಯವಾಗಿ. "ರಿಪೋರ್ಟ್ ಬಗ್ಗೆ ಹೇಳುವಾಗ ಫಲಿತಾಂಶ ಬಿಟ್ಟುಹೋಯಿತು: 40 ನಿಮಿಷದಿಂದ 6 ನಿಮಿಷಕ್ಕೆ ಇಳಿಯಿತು." ಬಿಟ್ಟುಹೋದ ತುಂಡು ಒಂದು ವಾಕ್ಯದಲ್ಲಿ ಕೂರುತ್ತದೆ ಎಂದರೆ ಸೇರಿಸಿ. ಇಡೀ ಕಥೆಯನ್ನೇ ಬದಲಾಯಿಸಿ ಇನ್ನೊಂದು ಒಳ್ಳೆಯ ಕಥೆ ಕಳಿಸುತ್ತೇನೆ ಎಂದರೆ ಬೇಡ. ಅದು ಎರಡನೇ ಇಂಟರ್‌ವ್ಯೂ ಕೇಳಿದ ಹಾಗೆ ಕಾಣುತ್ತದೆ. ಫಂಕ್ಷನ್ ಹೆಸರು ಮರೆತದ್ದು, ಬ್ರಾಕೆಟ್ ಬಿಟ್ಟದ್ದು, ಕಾಲ್‌ನಲ್ಲೇ ಅವರು ತಿದ್ದಿ ನೀವು ಹೌದು ಎಂದದ್ದು, ಇವಕ್ಕೂ ಬೇಡ.

---

ಡೇಟಾ_ಹೊಸಬ · ರಾತ್ರಿ 10:50

ಮತ್ತೆ ಬರೆದೆ. ನೋಡಿ ಹೇಳಿ:

"ನಮಸ್ಕಾರ,

ಇವತ್ತಿನ ಮಾತುಕತೆಗೆ ಧನ್ಯವಾದ. ನನ್ನ ಒಂದು ಉತ್ತರ ತಿದ್ದಬೇಕಿದೆ. ಇದನ್ನು ಇಂಟರ್‌ವ್ಯೂ ಮಾಡಿದವರಿಗೆ ತಲುಪಿಸುತ್ತೀರಾ?

30 ದಿನದ ಆರ್ಡರ್ ಎಣಿಕೆಯ ಪ್ರಶ್ನೆಯಲ್ಲಿ, ಆರ್ಡರ್ ಮಾಡದ ಗ್ರಾಹಕರೂ ನನ್ನ ಕ್ವೆರಿಯಲ್ಲಿ ಬರುತ್ತಾರೆ ಎಂದು ಬಹುಶಃ ತಪ್ಪಾಗಿ ಹೇಳಿದೆ ಅನ್ನಿಸುತ್ತದೆ. ದಿನಾಂಕದ ಷರತ್ತು WHERE ನಲ್ಲಿ ಇರುವುದರಿಂದ ಅವರ ಸಾಲುಗಳು ಬಿದ್ದುಹೋಗುತ್ತವೆ. ಷರತ್ತು ON ನಲ್ಲಿರಬೇಕು, ಎಣಿಕೆ COUNT(o.id) ಆಗಬೇಕು. ಇತ್ತೀಚೆಗೆ ಕೊಂಡವರು, ಹಿಂದೆ ಮಾತ್ರ ಕೊಂಡವರು, ಎಂದೂ ಕೊಳ್ಳದವರು, ಹೀಗೆ ಮೂರು ಗ್ರಾಹಕರ ಟೇಬಲ್ ಮೇಲೆ ಓಡಿಸಿದಾಗ 2, 0, 0 ಬಂತು.

ಬೇರೇನಾದರೂ ಬೇಕಿದ್ದರೆ ತಿಳಿಸಿ."

ಪೂರ್ತಿ ಕ್ವೆರಿಯನ್ನೂ ಕೆಳಗೆ ಅಂಟಿಸಲಾ?

---

ಪ್ಯಾನೆಲ್_ಕಡೆಯವಳು · ರಾತ್ರಿ 11:04

ಚೆನ್ನಾಗಿದೆ. ಒಂದೇ ಕಡೆ ಕೈ ಹಾಕುತ್ತೇನೆ. "ಬಹುಶಃ ತಪ್ಪಾಗಿ ಹೇಳಿದೆ ಅನ್ನಿಸುತ್ತದೆ" ಎಂದಿದ್ದೀರಿ. ನೀವು ಓಡಿಸಿ ನೋಡಿದ್ದೀರಿ. ಇನ್ನು ಬಹುಶಃ ಯಾಕೆ, ಅನ್ನಿಸುವುದು ಯಾಕೆ? "ಬರುತ್ತಾರೆ ಎಂದು ಹೇಳಿದ್ದೆ. ಅದು ತಪ್ಪು." ಅಷ್ಟೇ. ತಪ್ಪು ಎಂಬ ಪದ ಒಂದು ಸಲ, ಗಟ್ಟಿಯಾಗಿ. ಆಮೇಲೆ ಕಾರಣ, ಆಮೇಲೆ ಸರಿ ಉತ್ತರ.

ಹಿಂದೆ ಮಾತ್ರ ಕೊಂಡವರನ್ನು ಸೇರಿಸಿದ್ದು ನನಗೆ ತುಂಬಾ ಇಷ್ಟವಾಯಿತು. ಈ ಪ್ರಶ್ನೆ ಗೊತ್ತಿರುವವರು ಮೊದಲು ಅಲ್ಲೇ ಕಣ್ಣಿಡುತ್ತಾರೆ. ಎಲ್ಲಿಂದಲೋ ನಕಲು ಮಾಡಿದ ಉತ್ತರದಲ್ಲಿ ಆ ಮಧ್ಯದ ಗ್ರಾಹಕ ಸಾಮಾನ್ಯವಾಗಿ ಇರುವುದಿಲ್ಲ. ನೇರಮಾತು ಅವರು ಹೇಳಿದ ಗೂಗಲ್ ಅನುಮಾನಕ್ಕೂ ಇದೇ ಉತ್ತರ.

ಕ್ವೆರಿ ಅಂಟಿಸಬಹುದು, ಆರು ಸಾಲು ತಾನೇ. ಅಟ್ಯಾಚ್‌ಮೆಂಟ್ ಮಾತ್ರ ಬೇಡ, ಅದನ್ನು ಯಾರೂ ತೆರೆಯುವುದಿಲ್ಲ. ಅಂಟಿಸಿದ ಮೇಲೆ ಒಮ್ಮೆ ನಿಮಗೇ ಕಳಿಸಿಕೊಂಡು ನೋಡಿ. ಟೈಪ್ ಮಾಡುವಾಗ ಕೆಲವು ಆಪ್‌ಗಳು ದಿನಾಂಕದ ಸುತ್ತಲಿನ ನೇರ ಕೋಟ್ ಚಿಹ್ನೆಗಳನ್ನು ಬಾಗಿದ ಚಿಹ್ನೆ ಮಾಡಿಬಿಡುತ್ತವೆ. ಆ ಕಡೆಯವರು ನಕಲು ಮಾಡಿ ಓಡಿಸಿದರೆ ಎರರ್ ಬರುತ್ತದೆ.

---

ಸಂಜೆಬಸ್ · ರಾತ್ರಿ 11:12

ಕೊನೆಯ ಸಾಲಿನಲ್ಲಿ "ನಿಮ್ಮ ಉತ್ತರಕ್ಕಾಗಿ ಕಾಯುತ್ತಿರುತ್ತೇನೆ" ಅಂತ ಹಾಕಿ. ಇಲ್ಲಾಂದ್ರೆ ಅವರು ಉತ್ತರ ಕೊಡಲ್ಲ.

---

ಪ್ಯಾನೆಲ್_ಕಡೆಯವಳು · ರಾತ್ರಿ 11:15

ಹಾಕದಿರುವುದು ಒಳ್ಳೆಯದು. ಈ ಮೇಲ್‌ಗೆ ಉತ್ತರವೇ ಬೇಕಿಲ್ಲ. ಉತ್ತರ ಕೇಳಿದ ಕೂಡಲೇ ಅವರಿಗೆ ಅದೊಂದು ಕೆಲಸವಾಗುತ್ತದೆ, ಕೆಲಸವಾದದ್ದು ನಾಳೆಗೆ ಹೋಗುತ್ತದೆ. ಉತ್ತರ ಬರಲಿಲ್ಲ ಎಂದು ಎರಡನೇ ಮೇಲ್ ಕೂಡ ಹಾಕಬೇಡಿ.

---

ಡೇಟಾ_ಹೊಸಬ · ರಾತ್ರಿ 11:26

ತಿದ್ದಿ ಕಳಿಸಿದೆ. ಬಹುಶಃ ಹೋಯಿತು, ಅನ್ನಿಸುತ್ತದೆ ಹೋಯಿತು. ಮೊದಲು ನನಗೇ ಕಳಿಸಿಕೊಂಡು ನೋಡಿದೆ, ಕೋಟ್ ನಿಜಕ್ಕೂ ಬಾಗಿತ್ತು. ಸರಿಮಾಡಿದೆ.

---

ಮಳೆಬಿಲ್ಲು · ಗುರುವಾರ ಬೆಳಗ್ಗೆ 10:40

ನಾನೂ ಬೆಳಗ್ಗೆ 9ಕ್ಕೆ ಕಳಿಸಿದೆ. ನೋಟಿಸ್ ಬಗ್ಗೆ ಒಂದು ಗಂಟೆಯಲ್ಲೇ ಉತ್ತರ ಬಂತು: "ತಿಳಿಸಿದ್ದಕ್ಕೆ ಧನ್ಯವಾದ, 60 ದಿನ ಎಂದು ಬದಲಾಯಿಸಿದ್ದೇವೆ." ಟೀಮ್ ವಿಷಯಕ್ಕೆ ಏನೂ ಹೇಳಿಲ್ಲ. ಅದರಿಂದ ಕೆಲಸ ಹೋಗುತ್ತದೋ ಏನೋ ಗೊತ್ತಿಲ್ಲ. ಆದರೆ ಅದನ್ನು ಬರೆದು ಕಳಿಸಿದ ಮೇಲೆ ನಿನ್ನೆ ರಾತ್ರಿ ಇದ್ದ ಭಾರ ಇಲ್ಲ.

---

ನೇರಮಾತು · ಗುರುವಾರ ಮಧ್ಯಾಹ್ನ 1:15

ಮಳೆಬಿಲ್ಲು ಅವರ ವಿಷಯದಲ್ಲಿ ಒಪ್ಪುತ್ತೇನೆ, ಅದು ಕಳಿಸಲೇಬೇಕಿತ್ತು. ಟೆಕ್ನಿಕಲ್ ಉತ್ತರದ ವಿಷಯದಲ್ಲಿ ನಾನು ಇನ್ನೂ ಅಲ್ಲೇ ಇದ್ದೇನೆ. ಅವರು ಸುಳಿವು ಕೊಟ್ಟಿದ್ದರಿಂದ ಈ ಸಲ ಕಳಿಸಿದ್ದು ಸರಿ ಇರಬಹುದು. ಸುಳಿವೇ ಕೊಡದೆ, ಮುಖ ನೋಡಿದರೂ ಏನೂ ಗೊತ್ತಾಗದೆ ಮುಂದೆ ಹೋಗಿದ್ದರೆ? ಆಗಲೂ ಕಳಿಸಬೇಕು ಅನ್ನುತ್ತೀರಾ?

---

ಪ್ಯಾನೆಲ್_ಕಡೆಯವಳು · ಗುರುವಾರ ಮಧ್ಯಾಹ್ನ 1:50

ನಾನಾದರೆ ಕಳಿಸುತ್ತೇನೆ, ತಪ್ಪು ಆ ಕೆಲಸದ ಬುಡಕ್ಕೆ ತಾಗುವಂತಿದ್ದರೆ. ಡೇಟಾ ಕೆಲಸಕ್ಕೆ ಹೋಗಿ ಜಾಯಿನ್ ತಪ್ಪು ಹೇಳುವುದು ಹಾಗೇ. ಆದರೆ ನನ್ನ ಜೊತೆ ಪ್ಯಾನೆಲ್‌ನಲ್ಲಿ ಕೂರುವವರಲ್ಲೇ ಒಬ್ಬರು ನಿಮ್ಮ ಮಾತು ಹೇಳುತ್ತಾರೆ. ಅವರ ಜೊತೆಯೂ ಇದು ಮುಗಿದಿಲ್ಲ.

---

ಡೇಟಾ_ಹೊಸಬ · ಗುರುವಾರ ಸಂಜೆ 5:35

ಈಗ ಎಚ್ಆರ್‌ನಿಂದ ಉತ್ತರ ಬಂತು. ಒಂದೇ ಸಾಲು: "ಪ್ಯಾನೆಲ್‌ಗೆ ಕಳಿಸಿದ್ದೇನೆ, ಫಲಿತಾಂಶ ಮುಂದಿನ ವಾರ ತಿಳಿಸುತ್ತೇವೆ." ಫಾರ್ವರ್ಡ್ ಆಗಿದೆ, ಅಷ್ಟು ಗೊತ್ತಾಯಿತು.

---

ಕ್ವೆರಿ_ಕಾಕ · ಗುರುವಾರ ಸಂಜೆ 6:20

ನನ್ನ ಎರಡು ರಿಪೋರ್ಟ್ ತೆಗೆದು ನೋಡಿದೆ. ಒಂದರಲ್ಲಿ ಹಳೇ ಗ್ರಾಹಕರು ನಿಜಕ್ಕೂ ಬಿಟ್ಟುಹೋಗುತ್ತಿದ್ದಾರೆ. ನನ್ನ ಮ್ಯಾನೇಜರ್‌ಗೆ ಈಗ ಮೇಲ್ ಬರೆಯುತ್ತಿದ್ದೇನೆ. ಮೊದಲ ಸಾಲು ಹೀಗಿದೆ: "ತಿಂಗಳ ಗ್ರಾಹಕರ ರಿಪೋರ್ಟ್‌ನಲ್ಲಿ ಎಣಿಕೆ ತಪ್ಪಿದೆ, ಕಾರಣ ಸಿಕ್ಕಿದೆ." ಮೇಡಂ, ಸರಿ ಇದೆಯಾ?

---

ಪ್ಯಾನೆಲ್_ಕಡೆಯವಳು · ಗುರುವಾರ ಸಂಜೆ 6:31

ಸರಿ ಇದೆ ಕಾಕ. ಎಷ್ಟು ಗ್ರಾಹಕರು ಬಿಟ್ಟುಹೋಗಿದ್ದಾರೆ ಎಂಬ ಸಂಖ್ಯೆಯನ್ನೂ ಅದೇ ಸಾಲಿನ ಪಕ್ಕದಲ್ಲಿ ಬರೆಯಿರಿ. ಅವರು ಮೊದಲು ಕೇಳುವುದು ಅದನ್ನೇ.